ಸೌದಿಗೆ ಹೊರಡುವ ಮೊದಲು ಕೂಡಿಸಬೇಕಾದ ಲೆಕ್ಕ

ಕಾಣಿಯೂರು ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಪಾಸ್‌ಪೋರ್ಟ್ ಅರ್ಜಿ, ಬಸ್ಸು-ರೈಲು-ವಿಮಾನದ ಟಿಕೆಟ್ ಇಷ್ಟೇ ವ್ಯಾಪಾರ. ಇದಕ್ಕೂ ಮೊದಲು ದಮ್ಮಾಮಿನ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಹಾಜರಿ ಮತ್ತು ಸಂಬಳದ ಪಟ್ಟಿ ಬರೆಯುತ್ತಿದ್ದೆ. ಹಾಗಾಗಿ ಗಲ್ಫಿಗೆ ಹೊರಟವರ ಕೈಯಿಂದ ಇಲ್ಲಿ ಹಣ ಹೋಗುವುದನ್ನೂ ನೋಡಿದ್ದೇನೆ, ಅಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನೂ ನೋಡಿದ್ದೇನೆ. ನಾನು ಏಜೆಂಟ್ ಅಲ್ಲ, ವೀಸಾ ಕೊಡಿಸುವುದಿಲ್ಲ. ಚಾರ್ವಾಕ, ದೋಳ್ಪಾಡಿ, ಬೆಳಂದೂರು, ಎಡಮಂಗಲದ ಕಡೆಯಿಂದ ಆಫರ್ ಲೆಟರ್ ಹಿಡಿದುಕೊಂಡು ಬಂದವರನ್ನು ಕೂರಿಸಿ, ಒಂದು ಹಾಳೆಯಲ್ಲಿ ಖರ್ಚು ಕೂಡಿಸಿ ಕೊಡುತ್ತೇನೆ, ಅಷ್ಟೆ.

ಇಲ್ಲಿ ಬರೆದಿರುವುದು ಅಂಥ ಹಾಳೆಗಳಿಂದ ಕಲಿತದ್ದು. ಉದ್ದಕ್ಕೂ ಒಬ್ಬ ಹುಡುಗನ ಹಾಳೆಯನ್ನೇ ಹಿಡಿದುಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿ ಆಗಿ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ ಅವನು. ಊರಿನಲ್ಲಿ ವೈರಿಂಗ್ ಕೆಲಸಕ್ಕೆ ಹೋದರೆ ದಿನಕ್ಕೆ 900 ರೂಪಾಯಿ. ರಿಯಾದಿನ ಒಂದು ಕಂಪನಿಯಿಂದ 2 ವರ್ಷದ ಕೆಲಸ ಬಂದಿತ್ತು: ಮೂಲ ಸಂಬಳ 1,500 ರಿಯಾಲ್, ಊಟಕ್ಕೆ 300, ರೂಮು ಕಂಪನಿಯದ್ದು.

1. ‘ಎಲ್ಲ ಸೇರಿ ಇಷ್ಟು’ ಅಂದರೆ ಬಿಡಿಸಿ ಬರೆಸಿಕೊಳ್ಳಿ

“ಎಲ್ಲ ಸೇರಿ ಒಂದು ಹದಿನೈದು ಅಂತೆ ಅಣ್ಣ,” ಅಂದ ಹುಡುಗ. 1,15,000 ರೂಪಾಯಿ. ಅದರೊಳಗೆ ಏನೇನು ಉಂಟು ಎಂದು ಕೇಳಿದೆ, ಗೊತ್ತಿರಲಿಲ್ಲ. ಏಜೆಂಟರಿಗೆ ವಾಟ್ಸಾಪಿನಲ್ಲಿ ಮರ್ಯಾದೆಯಿಂದ ಒಂದು ಸಾಲು ಬರೆಸಿದೆ: ಮನೆಯಲ್ಲಿ ಸಾಲ ತೆಗೆಯಬೇಕು, ವಿವರ ಬೇಕಂತೆ. ಸಾಲದ ನೆಪ ಹೇಳಿದರೆ ಹೆಚ್ಚಿನವರು ವಿವರ ಕೊಡುತ್ತಾರೆ. ಜಗಳದ ಧಾಟಿಯಲ್ಲಿ ಕೇಳಿದರೆ ಫೋನೇ ಎತ್ತುವುದಿಲ್ಲ.

ಬಂದ ಉತ್ತರ ಹೀಗಿತ್ತು. ಮೆಡಿಕಲ್ ಮತ್ತು ಸ್ಕಿಲ್ ಟೆಸ್ಟ್ 14,000. ಬಯೊಮೆಟ್ರಿಕ್ ಮತ್ತು ಸ್ಟ್ಯಾಂಪಿಂಗ್ 9,000. ಸರ್ಟಿಫಿಕೇಟ್ ಅಟೆಸ್ಟೇಶನ್ 12,000. ಸರ್ವಿಸ್ ಚಾರ್ಜ್ 35,400. ಉಳಿದ 44,600ಕ್ಕೆ ‘ವೀಸಾ ಮತ್ತು ಟಿಕೆಟ್’ ಎಂದು ಬರೆದಿದ್ದರು.

ಈ ಪಟ್ಟಿಯಲ್ಲಿ 35,400 ಎಂಬ ಸಂಖ್ಯೆ ಸರಿಯಾದದ್ದೇ. ನಮ್ಮ ದೇಶದ ವಲಸೆ ನಿಯಮದ ಪ್ರಕಾರ ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ಆದ್ದರಿಂದಲೇ ತಿಳಿದ ಏಜೆಂಟರು ಸರ್ವಿಸ್ ಚಾರ್ಜನ್ನು ಎಂದೂ 35,400ಕ್ಕಿಂತ ಮೇಲೆ ಬರೆಯುವುದಿಲ್ಲ. ಹೆಚ್ಚಿನದ್ದನ್ನು ಬೇರೆ ಸಾಲುಗಳಿಗೆ ಹಂಚುತ್ತಾರೆ. ನೋಡಬೇಕಾದ್ದು ಆ ಬೇರೆ ಸಾಲುಗಳನ್ನು.

‘ವೀಸಾ ಮತ್ತು ಟಿಕೆಟ್’ ಎಂಬುದು ಅಂಥ ಸಾಲು. ಸೌದಿಯ ಕಾರ್ಮಿಕ ಕಾನೂನಿನ 40ನೇ ವಿಧಿ ಹೇಳುವಂತೆ ಹೊರದೇಶದ ಕೆಲಸಗಾರನನ್ನು ಕರೆಸುವ ಶುಲ್ಕ, ಇಖಾಮಾ, ವರ್ಕ್ ಪರ್ಮಿಟ್, ಅವುಗಳ ನವೀಕರಣ, ರಜೆಗೆ ಬಂದು ಹೋಗುವ ವೀಸಾ, ಕೆಲಸ ಮುಗಿದಾಗ ಊರಿಗೆ ಮರಳುವ ಟಿಕೆಟ್ ಎಲ್ಲವೂ ಕಂಪನಿಯ ಖರ್ಚು. ಹೋಗುವ ಟಿಕೆಟನ್ನೂ ತಾನೇ ಕೊಡುತ್ತೇನೆ ಎಂದು ಹುಡುಗನ ಆಫರ್ ಲೆಟರಿನಲ್ಲಿ ಕಂಪನಿಯೇ ಬರೆದಿತ್ತು. ಕಂಪನಿ ಒಮ್ಮೆ ಕೊಟ್ಟದ್ದನ್ನು ಹುಡುಗನಿಂದ ಇನ್ನೊಮ್ಮೆ ಕೇಳಿದ ಹಾಗಾಯಿತು. ಆಫರ್ ಲೆಟರಿನ ಆ ಸಾಲಿನ ಫೋಟೋ ಕಳಿಸಿ, “ಇದು ಕಂಪನಿ ಕೊಡುವುದಲ್ವಾ?” ಎಂದು ಕೇಳಿಸಿದೆವು. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಆ ಸಾಲು ಪಟ್ಟಿಯಿಂದ ಹೋಗಿತ್ತು.

ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಹೇಳಲಾರೆ. ‘ಹಾಗಾದರೆ ಬೇರೆಯವರಿಗೆ ಕೊಡುತ್ತೇನೆ’ ಎನ್ನುವವರೂ ಇದ್ದಾರೆ. ಆಗ ಆ ಕೆಲಸದ ನಿಜವಾದ ಬೆಲೆ ಎಷ್ಟೆಂದಾದರೂ ನಿಮಗೆ ತಿಳಿದಿರುತ್ತದೆ.

ಏಜೆಂಟರು ನೋಂದಾಯಿತರೇ ಎಂದು ನೋಡುವುದು ಇದಕ್ಕೂ ಮೊದಲಿನ ಕೆಲಸ. ವಿದೇಶಾಂಗ ಸಚಿವಾಲಯದ emigrate.gov.in ತೆರೆದು ಆರ್‌ಸಿ ನಂಬರ್ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂದು ತೋರಿಸುತ್ತದೆ. ನಮ್ಮ ಪೇಟೆಗೆ ಬರುವವರು ಬಹುಪಾಲು ಸಬ್ ಏಜೆಂಟರು, ಯಾರದೋ ಪರಿಚಯದವರು. ಅವರಿಗೆ ಆರ್‌ಸಿ ಇರುವುದಿಲ್ಲ. ಅವರ ಹಿಂದಿನ ಕಂಪನಿಯ ಹೆಸರು ಕೇಳಿ, ಅದನ್ನು ಹುಡುಕಿ. ಹಣ ಹೋಗಬೇಕಾದ್ದು ಆ ಕಂಪನಿಯ ಬ್ಯಾಂಕ್ ಖಾತೆಗೆ.

2. ಮೊತ್ತದಷ್ಟೇ ಮುಖ್ಯ ಖರ್ಚಿನ ಸರದಿ

ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾದ ಒಂದು ಸಂಗತಿ ಇದ್ದರೆ ಅದು ಇದೇ. ಹೆಚ್ಚು ಖರ್ಚು ಮಾಡಿದ್ದಕ್ಕಿಂತ, ತಪ್ಪು ಹೊತ್ತಿನಲ್ಲಿ ಖರ್ಚು ಮಾಡಿ ಕೈ ಸುಟ್ಟುಕೊಂಡವರು ಹೆಚ್ಚು. ಆದ್ದರಿಂದ ಹಾಳೆಯ ಪ್ರತಿ ಸಾಲಿನ ಎದುರು ಎರಡು ಸಂಗತಿ ಬರೆಸುತ್ತೇನೆ: ಈ ಹಣ ಕೊಟ್ಟಮೇಲೆ ಮುಂದಿನ ಮೆಟ್ಟಿಲಿನಲ್ಲಿ ಕೆಲಸ ತಪ್ಪಿದರೆ ಇದು ಹಿಂದೆ ಬರುತ್ತದೆಯೇ? ಇದಕ್ಕೆ ವಾಯಿದೆ ಉಂಟೇ?

ಪಾಸ್‌ಪೋರ್ಟಿನ 1,500 ರೂಪಾಯಿ ಹಿಂದೆ ಬರುವುದಿಲ್ಲ. ಆದರೆ ಪಾಸ್‌ಪೋರ್ಟ್ 10 ವರ್ಷ ನಮ್ಮದೇ, ನಷ್ಟವಲ್ಲ. ತತ್ಕಾಲದಲ್ಲಿ ಮಾಡಿಸಿದರೆ ಮೇಲೆ 2,000 ಹೋಗುತ್ತದೆ. ಮೆಡಿಕಲ್‌ಗೆ ಕೊಟ್ಟ ಹಣ ಹಿಂದೆ ಬರುವುದಿಲ್ಲ, ಅದಕ್ಕೆ ವಾಯಿದೆಯೂ ಉಂಟು. ಸ್ಕಿಲ್ ಟೆಸ್ಟಿನ ಶುಲ್ಕ ಫೇಲಾದರೂ ಹೋಯಿತು. ಸರ್ವಿಸ್ ಚಾರ್ಜ್ ಮಾತ್ರ ಬರೆದುಕೊಂಡ ರೀತಿಯ ಮೇಲೆ ನಿಂತಿದೆ. ವೀಸಾ ಸ್ಟ್ಯಾಂಪ್ ಆದಮೇಲೆ ಕೊಡುತ್ತೇನೆ ಎಂದು ಮೊದಲೇ ಮಾತಾಡಿಕೊಂಡರೆ ಸಿಕ್ಕಿಬೀಳುವುದಿಲ್ಲ.

ಹಾಗಾಗಿ ಹುಡುಗನಿಗೆ ಹಾಕಿಕೊಟ್ಟ ಸರದಿ ಹೀಗಿತ್ತು. ಮೊದಲು ಖರ್ಚಿಲ್ಲದ್ದು: ಏಜೆಂಟರ ಆರ್‌ಸಿ, ಆಫರ್ ಲೆಟರ್, ವೀಸಾದಲ್ಲಿ ಬರೆದ ಹುದ್ದೆ ಯಾವುದು ಎಂಬುದರ ಖಾತ್ರಿ. ಆಮೇಲೆ ಪುತ್ತೂರಿನಲ್ಲಿ ಸ್ವಂತಕ್ಕೆ ಒಂದು ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ. ಅದು ಸರಿ ಬಂದಮೇಲೆ ಸ್ಕಿಲ್ ಟೆಸ್ಟ್. ಅದು ಪಾಸಾದಮೇಲೆ ಗಲ್ಫ್ ಮೆಡಿಕಲ್. ಫಿಟ್ ಬಂದಮೇಲೆ ಬಯೊಮೆಟ್ರಿಕ್ ಮತ್ತು ಸ್ಟ್ಯಾಂಪಿಂಗ್. ಸ್ಟ್ಯಾಂಪ್ ನೋಡಿದ ಮೇಲೆ ಸರ್ವಿಸ್ ಚಾರ್ಜ್. ಟಿಕೆಟ್ ಕೈಗೆ ಬಂದಮೇಲೆ ಬ್ಯಾಗು, ಬಟ್ಟೆ, ಬೂಟು. ಊರಿನ ಕೆಲಸ ಬಿಡುವುದು ಕೊನೆಗೆ.

ಏಜೆಂಟರ ಸರದಿ ಇದಕ್ಕೆ ತದ್ವಿರುದ್ಧ. ಪಾಸ್‌ಪೋರ್ಟ್ ಮತ್ತು ಅಡ್ವಾನ್ಸ್ ಮೊದಲು, ಉಳಿದದ್ದೆಲ್ಲ ಆಮೇಲೆ. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ನಡುವೆ ಬೇಡವೆಂದರೂ ಅದನ್ನು ಬಿಡಿಸಿಕೊಳ್ಳಲು ‘ಕ್ಯಾನ್ಸಲೇಶನ್’ ಎಂದು ಮತ್ತೆ ದುಡ್ಡು. ಸ್ಟ್ಯಾಂಪಿಂಗಿಗೆ ಪಾಸ್‌ಪೋರ್ಟ್ ಕೊಡಲೇಬೇಕು ನಿಜ. ಅದಕ್ಕಿಂತ ಮೊದಲು ಜೆರಾಕ್ಸ್ ಸಾಕು.

3. ಮೆಡಿಕಲ್ ಬೇಗ ಮಾಡಿಸಿದರೆ ಎರಡು ಸಲ ಮಾಡಿಸಿದ ಹಾಗೆ

ಗಲ್ಫ್ ದೇಶಗಳಿಗೆ ಹೋಗುವವರ ಮೆಡಿಕಲನ್ನು ನಮ್ಮವರು ಇನ್ನೂ ‘ಗಾಮ್ಕಾ’ ಅನ್ನುತ್ತಾರೆ. ಈಗ ಅದರ ಬುಕ್ಕಿಂಗ್ wafid.com ನಲ್ಲಿ. ಹೋಗುವ ದೇಶ, ಇಲ್ಲಿನ ಊರು, ಪಾಸ್‌ಪೋರ್ಟ್ ನಂಬರ್ ಹಾಕಿ 10 ಡಾಲರ್ ಕಟ್ಟಿದರೆ ಸ್ಲಿಪ್ ಬರುತ್ತದೆ, ಅದರಲ್ಲಿ ಯಾವ ಕೇಂದ್ರಕ್ಕೆ ಹೋಗಬೇಕೆಂದು ಇರುತ್ತದೆ. ಮಂಗಳೂರಿನಲ್ಲೇ ಮಾನ್ಯತೆ ಪಡೆದ ಕೇಂದ್ರಗಳು ಇರುವುದರಿಂದ ನಮ್ಮವರು ಬೆಂಗಳೂರಿಗೆ ಓಡಬೇಕಿಲ್ಲ. ಪರೀಕ್ಷೆಯ ಶುಲ್ಕವನ್ನು ಕೇಂದ್ರದಲ್ಲೇ ಕಟ್ಟಿ ರಸೀದಿ ಪಡೆಯುವುದು. ಹುಡುಗನ ಹಾಳೆಯಲ್ಲಿ ಸ್ಲಿಪ್ಪಿಗೆ 900, ಪರೀಕ್ಷೆಗೆ 8,000 ಹಿಡಿದೆವು.

ಈ ಸರ್ಟಿಫಿಕೇಟಿಗೆ ಕೆಲವೇ ತಿಂಗಳ ಆಯುಷ್ಯ. ಕೊನೆಯ ದಿನಾಂಕ ಅದರ ಮೇಲೆಯೇ ಇರುತ್ತದೆ. ಎಡಮಂಗಲದ ಕಡೆಯ ಒಬ್ಬ ಚಾಲಕನಿಗೆ ಏಜೆಂಟರೊಬ್ಬರು ವೀಸಾ ನಂಬರೇ ಬಾರದೆ ಮೆಡಿಕಲ್ ಮಾಡಿಸಿದರು. ‘ರೆಡಿ ಇದ್ದರೆ ಒಳ್ಳೇದು’ ಎಂಬ ಸಮಜಾಯಿಷಿ. ವೀಸಾ ಬರುವಷ್ಟರಲ್ಲಿ ಸರ್ಟಿಫಿಕೇಟ್ ಮುಗಿದಿತ್ತು. ಸ್ಲಿಪ್, ಪರೀಕ್ಷೆ, ಮಂಗಳೂರಿಗೆ ಓಡಾಟ, ತಪ್ಪಿದ ಟ್ರಿಪ್ಪುಗಳು ಎಲ್ಲ ಎರಡನೇ ಸಲ. ಗಿರಾಕಿಯನ್ನು ಕಟ್ಟಿಹಾಕಲು ಏಜೆಂಟರಿಗೆ ಇದು ಸುಲಭದ ದಾರಿ. ಒಮ್ಮೆ ಹತ್ತು ಸಾವಿರ ಹಾಕಿದವನು ಬಿಟ್ಟುಹೋಗುವುದಿಲ್ಲ ಎಂದು ಅವರಿಗೆ ಗೊತ್ತು.

ಅನ್‌ಫಿಟ್ ಆಗುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಎದೆಯ ಎಕ್ಸ್‌ರೇ. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಉಳಿದಿರುತ್ತದೆ. ನಮ್ಮ ವೈದ್ಯರ ಪ್ರಕಾರ ಆತ ಆರೋಗ್ಯವಂತ, ಔಷಧಿ ಬೇಡ. ಗಲ್ಫ್ ಮೆಡಿಕಲಿನಲ್ಲಿ ಅದೇ ಕಲೆಗೆ ಅನ್‌ಫಿಟ್ ಬೀಳಬಹುದು. ಹೆಪಟೈಟಿಸ್ ಬಿ ಅಥವಾ ಸಿ ಇದ್ದರೂ ಹಾಗೆಯೇ. ಇದಕ್ಕೇ ಪುತ್ತೂರಿನಲ್ಲಿ ಸ್ವಂತಕ್ಕೆ ಒಮ್ಮೆ ಎಕ್ಸ್‌ರೇ, ಎರಡು ರಕ್ತ ಪರೀಕ್ಷೆ ಮಾಡಿಸಿ ಎನ್ನುವುದು. ನಾವು ಅದಕ್ಕೆ ಹಿಡಿದದ್ದು 1,500. ಆ 1,500 ಮುಂದಿನ ಸುಮಾರು 15,000ವನ್ನು ಕಾಯುತ್ತದೆ.

ಇಲ್ಲಿ ಫಿಟ್ ಆದರೆ ಮುಗಿಯಿತು ಎಂದುಕೊಳ್ಳಬೇಡಿ. ಸೌದಿಯಲ್ಲಿ ಇಖಾಮಾ ಮಾಡಿಸುವಾಗ ಇನ್ನೊಂದು ಮೆಡಿಕಲ್ ಉಂಟು. ಅಲ್ಲಿ ಫೇಲಾದರೆ ವಾಪಸ್ ಕಳಿಸುತ್ತಾರೆ. 40ನೇ ವಿಧಿಯಲ್ಲೇ ಇನ್ನೊಂದು ಮಾತಿದೆ: ಕೆಲಸಗಾರ ಕೆಲಸಕ್ಕೆ ತಕ್ಕವನಲ್ಲದಿದ್ದರೆ, ಅಥವಾ ಸರಿಯಾದ ಕಾರಣವಿಲ್ಲದೆ ತಾನಾಗಿ ಮರಳಲು ಬಯಸಿದರೆ, ಮರಳುವ ಖರ್ಚು ಅವನದ್ದೇ. ವಿಧಿಯ ಮೊದಲ ಭಾಗವನ್ನು ಏಜೆಂಟರು ಹೇಳುವುದಿಲ್ಲ. ಈ ಎರಡನೇ ಭಾಗವನ್ನು ನಾವು ಓದಿರುವುದಿಲ್ಲ.

4. ಕಾಗದಪತ್ರದ ಖರ್ಚು ದೇಶ, ಹುದ್ದೆ ನೋಡಿ ಬದಲಾಗುತ್ತದೆ

ಅಟೆಸ್ಟೇಶನ್ ಎಂಬ 12,000ದ ಸಾಲಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ಕಂಪನಿ ಕೇಳಿದೆಯೇ? ಕೇಳಿರಲಿಲ್ಲ. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಮೆಕ್ಯಾನಿಕ್‌ಗಳಂಥವರಿಗೆ ಸೌದಿ ಸರ್ಕಾರ ಇಲ್ಲಿಯೇ ಕೌಶಲ್ಯ ಪರೀಕ್ಷೆ ನಡೆಸುತ್ತದೆ. ಏಜೆಂಟರು ಅದನ್ನು ‘ತಕಾಮುಲ್’ ಅನ್ನುತ್ತಾರೆ. ಹುಡುಗನ ವೀಸಾದಲ್ಲಿ ಹುದ್ದೆ ಎಲೆಕ್ಟ್ರಿಷಿಯನ್ ಎಂದೇ ಇದ್ದುದರಿಂದ ಆ ಪರೀಕ್ಷೆ ತಪ್ಪುವಂತಿರಲಿಲ್ಲ. ಅದಕ್ಕೆ 5,000 ಹಿಡಿದು, ಅಟೆಸ್ಟೇಶನ್ ತೆಗೆದೆವು.

ಡಿಗ್ರಿ ಬೇಕಾದ ಹುದ್ದೆಗಳಿಗೆ ಮಾತ್ರ ಅಟೆಸ್ಟೇಶನ್ ನಿಜವಾದ ಖರ್ಚೇ. ಅಲ್ಲಿಯೂ ಯಾವ ದೇಶ ಎಂದು ನೋಡಬೇಕು. ಸೌದಿ 2022ರ ಡಿಸೆಂಬರ್ 7ರಿಂದ ಅಪೊಸ್ಟಿಲ್ ಒಪ್ಪಂದದ ದೇಶ. ರಾಜ್ಯದ ಮಟ್ಟದಲ್ಲಿ ಪರಿಶೀಲನೆ ಆದಮೇಲೆ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ ಹಚ್ಚುತ್ತದೆ. ಒಂದು ದಾಖಲೆಗೆ ಸರ್ಕಾರದ ಶುಲ್ಕ 50 ರೂಪಾಯಿ, ಉಳಿದದ್ದು ನಡುವಿನ ಸಂಸ್ಥೆಗಳ ಸೇವಾಶುಲ್ಕ ಮತ್ತು ಕೊರಿಯರ್. ಸೌದಿಗೆ ಹೊರಟವರ ಪಟ್ಟಿಯಲ್ಲಿ ‘ಎಂಬಸಿ ಅಟೆಸ್ಟೇಶನ್’ ಎಂದು ದೊಡ್ಡ ಮೊತ್ತ ಕಂಡರೆ ಅದು ಯಾಕೆ ಎಂದು ಕೇಳಿ. ಯುಎಇಗೆ ಮಾತ್ರ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಹಾಗಾಗಿ ಖರ್ಚು ಏರುತ್ತದೆ.

ಪೊಲೀಸ್ ಕ್ಲಿಯರೆನ್ಸಿನದ್ದೂ ಇದೇ ಕಥೆ. 2022ರ ನವೆಂಬರಿನಲ್ಲಿ ಸೌದಿ ರಾಯಭಾರ ಕಚೇರಿ ಭಾರತೀಯರಿಗೆ ಅದು ಬೇಡವೆಂದಿತು. ಕುವೈತಿಗೆ ಹೋಗುವವರು ಮಾಡಿಸುತ್ತಾರೆ. ಬೇಕಾದರೆ ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿಗೆ ಆಗುತ್ತದೆ. ಅದಕ್ಕೆ 3,000 ಬರೆದ ಪಟ್ಟಿಗಳನ್ನು ನೋಡಿದ್ದೇನೆ.

ನಮ್ಮ ಕಡೆಯಿಂದ ನರ್ಸಿಂಗ್ ಮಾಡಿದವರೂ ಬಹಳ ಹೋಗುತ್ತಾರೆ. ಅವರ ಹಾಳೆಯೇ ಬೇರೆ. ಸರ್ಟಿಫಿಕೇಟು, ಅನುಭವ ಪತ್ರ, ಕೌನ್ಸಿಲ್ ನೋಂದಣಿಗಳನ್ನೆಲ್ಲ ಡೇಟಾಫ್ಲೋ ಸಂಸ್ಥೆ ಮೂಲದಲ್ಲೇ ಪರಿಶೀಲಿಸುತ್ತದೆ, ಆಮೇಲೆ ಪ್ರೊಮೆಟ್ರಿಕ್ ಪರೀಕ್ಷೆ. ಎರಡಕ್ಕೂ ಹಣ ಮೊದಲೇ ಕಟ್ಟಬೇಕು. ಹಿಂದಿನ ಆಸ್ಪತ್ರೆ ಕೊಟ್ಟ ಅನುಭವ ಪತ್ರದ ದಿನಾಂಕಕ್ಕೂ ಆಸ್ಪತ್ರೆಯವರು ಡೇಟಾಫ್ಲೋಗೆ ಕೊಡುವ ಉತ್ತರಕ್ಕೂ ವ್ಯತ್ಯಾಸ ಬಂದರೆ ವರದಿ ನೆಗೆಟಿವ್ ಆಗಬಹುದು. ಹಣ ಕಟ್ಟುವ ಮೊದಲು ಆಸ್ಪತ್ರೆಯ ಎಚ್‌ಆರ್‌ಗೆ ಒಮ್ಮೆ ಫೋನ್ ಮಾಡಿ ದಿನಾಂಕ ತಾಳೆ ನೋಡುವುದು ಒಳ್ಳೆಯದು.

5. ಪಾಸ್‌ಪೋರ್ಟಿನಲ್ಲಿ ಇಸಿಆರ್ ಇದೆಯೇ ನೋಡಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ವಲಸೆ ಅನುಮತಿ ಕಡ್ಡಾಯ. ಜೊತೆಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ: 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಇಡೀ ಹಾಳೆಯಲ್ಲಿ ಇಷ್ಟು ಅಗ್ಗದ ಸಾಲು ಇನ್ನೊಂದಿಲ್ಲ.

ಹತ್ತನೇ ಪಾಸಾಗಿಯೂ ಅರ್ಜಿ ಹಾಕುವಾಗ ಮಾರ್ಕ್ಸ್ ಕಾರ್ಡ್ ಕೊಡದೆ ಇಸಿಆರ್ ಮಾಡಿಸಿಕೊಂಡವರಿದ್ದಾರೆ. 1,500 ಕಟ್ಟಿ ಮರುಮುದ್ರಣ ಮಾಡಿಸಿದರೆ ಹೋಗುತ್ತದೆ. ಆದರೆ ವೀಸಾ ಬಂದಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಪಾಸ್‌ಪೋರ್ಟ್ ನಂಬರೇ ಬದಲಾಗಿ ವೀಸಾ, ಮೆಡಿಕಲ್ ಎಲ್ಲ ತಲೆಕೆಳಗು.

ಇಸಿಆರ್ ಇರುವವರಿಗೆ ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸುವಾ’ ಎಂದರೆ ಅದು ಅನುಮತಿ ತಪ್ಪಿಸುವ ದಾರಿ. ಅದರ ಖರ್ಚನ್ನು ಕೂಡಿಸಲು ಸಾಧ್ಯವೇ ಇಲ್ಲ. ಯುಎಇಯಲ್ಲಿ ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ಎಷ್ಟು ದಿನ ಎಂದು ಯಾರು ಹೇಳಬೇಕು?

6. ಯಾರೂ ಹೇಳದ ಖರ್ಚೇ ನಲವತ್ತು ಸಾವಿರ

ಏಜೆಂಟರ ಪಟ್ಟಿಯಲ್ಲಿ ಬಾರದ, ಮನೆಯವರಿಗೂ ಹೊಳೆಯದ ಸಾಲುಗಳನ್ನು ಬೇರೆಯಾಗಿ ಬರೆದೆವು. ಪಾಸ್‌ಪೋರ್ಟ್ 1,500. ಪುತ್ತೂರಿನ ಎಕ್ಸ್‌ರೇ, ರಕ್ತ ಪರೀಕ್ಷೆ 1,500. ಮಂಗಳೂರಿಗೆ ಮತ್ತು ಟೆಸ್ಟಿಗಾಗಿ ಬೆಂಗಳೂರಿಗೆ ಓಡಾಟ, ಒಂದು ರಾತ್ರಿ ಲಾಡ್ಜು ಸೇರಿ 6,000. ಈ ಓಡಾಟದಲ್ಲಿ ತಪ್ಪುವ ಕೂಲಿ 8 ದಿನದ್ದು, 7,200. ಬಟ್ಟೆ, ಬೂಟು, ಬ್ಯಾಗು, ಮಾತ್ರೆ 8,000.

ಕೂಲಿಯ ಸಾಲು ನೋಡಿ ಹುಡುಗನ ಅಪ್ಪ, “ಅದು ಖರ್ಚು ಹೇಗಾಗ್ತದೆ ಮಾರಾಯ್ರೆ, ಕೈಯಿಂದ ಕೊಟ್ಟದ್ದಲ್ಲವಲ್ಲ?” ಎಂದರು. ಅಡಿಕೆ ಕೊಯ್ಲಿನ ಹೊತ್ತಿಗೆ ಮಗ ಮನೆಯಲ್ಲಿಲ್ಲದೆ ಆಳು ಕರೆದರೆ ಕೈಯಿಂದ ಹೋಗುತ್ತದಲ್ಲ ಎಂದೆ. ಒಪ್ಪಿದರು.

ಆಮೇಲೆ ಟಿಕೆಟ್. ಕಂಪನಿ ಕೊಡುತ್ತದೆ ಸರಿ, ಎಲ್ಲಿಂದ? ನಮಗೆ ಹತ್ತಿರದ್ದು ಬಜ್ಪೆ. ಅಲ್ಲಿಂದ ಗಲ್ಫಿಗೆ ನೇರ ವಿಮಾನ ಉಂಟು, ಆದರೆ ಎಲ್ಲ ಊರಿಗೂ ಎಲ್ಲ ದಿನವೂ ಇಲ್ಲ. ಹುಡುಗನಿಗೆ ಬಂದದ್ದು ಮುಂಬೈಯಿಂದ ರಿಯಾದಿಗೆ. ಮಂಗಳೂರಿನಿಂದ ಮುಂಬೈಗೆ ರೈಲು, ಅಲ್ಲಿ ಒಂದು ದಿನ ಉಳಿಯುವುದು, ಊಟ, ಟ್ಯಾಕ್ಸಿ ಸೇರಿ 4,000 ಹಿಡಿದೆವು. ಮುಂಬೈಗೆ ಹೋದಮೇಲೆ ‘ಇವತ್ತಲ್ಲ, ನಾಡಿದ್ದು’ ಎಂದರೆ ಇದು ದುಪ್ಪಟ್ಟು. ವಿಮಾನದ ದಿನ ಖಾತ್ರಿಯಾಗದೆ, ಟಿಕೆಟಿನ ಪಿಎನ್‌ಆರ್ ಅನ್ನು ವಿಮಾನ ಕಂಪನಿಯ ಸೈಟಿನಲ್ಲಿ ಹಾಕಿ ನೋಡದೆ ರೈಲು ಹತ್ತಬಾರದು.

ಕೊನೆಯದು ಕೈಖರ್ಚು. ಹೋದ ಕೂಡಲೇ ಸಂಬಳ ಬರುವುದಿಲ್ಲ. ಇಖಾಮಾ ಆಗಿ, ಬ್ಯಾಂಕ್ ಖಾತೆ ತೆರೆದು, ತಿಂಗಳು ತುಂಬಿ ಸಂಬಳ ಕೈಸೇರಲು ಒಂದೂವರೆ-ಎರಡು ತಿಂಗಳಾಗುವುದನ್ನು ದಮ್ಮಾಮಿನಲ್ಲಿ ನಾನೇ ಪಟ್ಟಿಯಲ್ಲಿ ಬರೆದಿದ್ದೇನೆ. ಅಷ್ಟು ದಿನ ಊಟಕ್ಕೆ, ಸಿಮ್ಮಿಗೆ 500 ರಿಯಾಲ್ ಬೇಕು. ರಿಯಾಲಿಗೆ 22 ರೂಪಾಯಿಯಂತೆ 11,000. (ದರ ಇದಕ್ಕಿಂತ ಮೇಲಿದ್ದರೂ ಸಂಬಳ ಲೆಕ್ಕಹಾಕುವಾಗ ನಾನು ಕಡಿಮೆಯೇ ಹಿಡಿಯುವುದು. ಹೆಚ್ಚು ಬಂದರೆ ಯಾರಿಗೂ ಬೇಸರವಿಲ್ಲ.)

ಈ ಸಾಲುಗಳೆಲ್ಲ ಕೂಡಿ 39,200.

7. ಎಷ್ಟು ತಿಂಗಳಲ್ಲಿ ಮುಯ್ಯಿ ತೀರುತ್ತದೆ?

ಏಜೆಂಟರ ಮೊದಲ ಪಟ್ಟಿಯನ್ನೇ ಒಪ್ಪಿದ್ದರೆ 1,15,000ಕ್ಕೆ ಈ 39,200 ಸೇರಿ 1,54,200 ಆಗುತ್ತಿತ್ತು. ವೀಸಾ-ಟಿಕೆಟ್ ಮತ್ತು ಅಟೆಸ್ಟೇಶನ್ ಸಾಲುಗಳನ್ನು ತೆಗೆದು, ಮೆಡಿಕಲ್-ಟೆಸ್ಟನ್ನು ನಾವೇ ಕಟ್ಟಿದಾಗ ನಿಂತದ್ದು 97,500.

ಈಗ ಬರುವ ಕಡೆ ನೋಡುವಾ. 1,800 ರಿಯಾಲಿಗೆ 22ರಂತೆ 39,600. ‘ತಿಂಗಳಿಗೆ ನಲವತ್ತು ಸಾವಿರ’ ಎಂದು ಏಜೆಂಟರು ಹೇಳಿದ್ದು ಈ ಲೆಕ್ಕ. ಆದರೆ ಊಟದ 300 ಊಟಕ್ಕೇ ಹೋಗುತ್ತದೆ. ಫೋನು, ಸೋಪು, ಶುಕ್ರವಾರದ ಓಡಾಟ, ಹಣ ಕಳಿಸುವ ಶುಲ್ಕ ಎಂದು ಇನ್ನೊಂದು 200. ಮನೆಗೆ ಬರುವುದು 1,300 ರಿಯಾಲ್, ಅಂದರೆ 28,600 ರೂಪಾಯಿ.

ಅಷ್ಟೂ ಲಾಭವಲ್ಲ. ಊರಿನಲ್ಲಿದ್ದರೂ ಹುಡುಗ ತಿಂಗಳಿಗೆ 22 ದಿನ ದುಡಿದು, ತನ್ನ ಖರ್ಚು ಕಳೆದು ಮನೆಗೆ ಸುಮಾರು 12,000 ಕೊಡುತ್ತಿದ್ದ. ಸೌದಿಯಿಂದಾಗಿ ಹೆಚ್ಚಾದದ್ದು ತಿಂಗಳಿಗೆ 16,600. ಹಾಕಿದ ಹಣವನ್ನು ಭಾಗಿಸಬೇಕಾದ್ದು ಈ ಸಂಖ್ಯೆಯಿಂದ, 39,600ರಿಂದಲ್ಲ. ನಾನು ಕಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ.

97,500ನ್ನು 16,600ರಿಂದ ಭಾಗಿಸಿದರೆ 6 ತಿಂಗಳಿಗೆ ತುಸು ಕಡಿಮೆ. ಶೇಕಡ 12ರ ಚಿನ್ನದ ಸಾಲದ ಬಡ್ಡಿ ಸೇರಿಸಿ, ಮೊದಲ ಸಂಬಳ ತಡವಾಗುವುದನ್ನೂ ಹಿಡಿದರೆ 8ನೇ ತಿಂಗಳಲ್ಲಿ ಸಮ ಆಗುತ್ತದೆ. 1,54,200 ಆಗಿದ್ದರೆ ಅದೇ ಲೆಕ್ಕ 12ನೇ ತಿಂಗಳಿಗೆ ಹೋಗುತ್ತದೆ. 2 ವರ್ಷದ ಕೆಲಸದಲ್ಲಿ ಅರ್ಧ ಅವಧಿ ಸಾಲ ತೀರಿಸಲೆಂದೇ ಹೋಯಿತು. ಪ್ರೊಬೇಶನ್ ಅವಧಿಯೂ ನೆನಪಿರಲಿ. ಸೌದಿಯಲ್ಲಿ ಅದು 180 ದಿನದವರೆಗೂ ಹೋಗಬಹುದು, ಆ ಅವಧಿಯಲ್ಲಿ ಕಂಪನಿ ಬೇಡವೆನ್ನಬಹುದು. ಎರಡೂ ಲೆಕ್ಕದಲ್ಲಿ ಆ ಹೊತ್ತಿಗೆ ಹಾಕಿದ ಹಣ ಬಂದಿರುವುದಿಲ್ಲ. ಆದರೆ ಒಂದರಲ್ಲಿ ಮನೆಯ ಮೇಲೆ ಉಳಿಯುವ ಹೊರೆ ಇನ್ನೊಂದಕ್ಕಿಂತ ಎಷ್ಟೋ ಕಡಿಮೆ.

ಹಣ ಎಲ್ಲಿಂದ ಎಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು. ನಮ್ಮ ಕಡೆ ಹಲವರು ಸೊಸೈಟಿಯ ಬೆಳೆ ಸಾಲವನ್ನೇ ವೀಸಾಕ್ಕೆ ತಿರುಗಿಸುತ್ತಾರೆ, ಬಡ್ಡಿ ಇಲ್ಲವಲ್ಲ ಎಂದು. ತೋಟಕ್ಕೆಂದು ಕೊಟ್ಟ ಹಣ ಅದು. ಸರಿ-ತಪ್ಪಿನ ಮಾತು ಬಿಟ್ಟರೂ, ಬಡ್ಡಿ ಇಲ್ಲದಿರುವುದು ವಾಯಿದೆಯೊಳಗೆ ಕಟ್ಟಿದರೆ ಮಾತ್ರ. ವಾಯಿದೆ ತಪ್ಪಿದ ವರ್ಷ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ಕುತ್ತು. 12ನೇ ತಿಂಗಳಲ್ಲಿ ಸಮವಾಗುವ ಖರ್ಚಿಗೆ 12 ತಿಂಗಳೊಳಗೆ ಕಟ್ಟಬೇಕಾದ ಸಾಲ ತೆಗೆದರೆ, ಒಂದು ತಿಂಗಳು ಸಂಬಳ ತಡವಾದರೂ ಅಪ್ಪ ಅಡಿಕೆಯನ್ನು ಸಿಕ್ಕಿದ ರೇಟಿಗೆ ಮಾರಬೇಕಾಗುತ್ತದೆ. ಹುಡುಗನ ಮನೆಯವರು ಅಮ್ಮನ ಬಳೆ ಅಡವಿಟ್ಟು 60,000 ತೆಗೆದರು, ಉಳಿದದ್ದು ಅವನದೇ ಉಳಿತಾಯ.

ಇದರ ಹೊರತು 25,000 ರೂಪಾಯಿಯನ್ನು ಅಪ್ಪನ ಖಾತೆಯಲ್ಲಿ ಮುಟ್ಟದೆ ಇಡಿಸಿದೆ. ಖರ್ಚಿನ ಹಾಳೆಯಲ್ಲಿ ಅದನ್ನು ಕೂಡಿಸಲಿಲ್ಲ. ಸ್ವಂತ ಖರ್ಚಿನಲ್ಲಿ ಮರಳಬೇಕಾದ ಹೊತ್ತು ಬಂದರೆ ಟಿಕೆಟಿಗೆ ಅದು. ಈ ಹಣ ಇಡಲು ಆಗದವರಿಗೆ ಈ ವರ್ಷ ಹೊರಡಬೇಡಿ ಎಂದೇ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬಂದಿದೆ.

8. ರಸೀದಿಗಳ ಒಂದು ಸೆಟ್ಟು ಮನೆಯಲ್ಲಿರಲಿ

ಆಫರ್ ಲೆಟರ್, ಒಪ್ಪಂದ, ವೀಸಾ, ಟಿಕೆಟ್, ಮೆಡಿಕಲ್ ಮತ್ತು ಏಜೆಂಟರ ರಸೀದಿಗಳು, ವಾಟ್ಸಾಪಿನಲ್ಲಿ ಬಂದ ವಿವರದ ಸ್ಕ್ರೀನ್‌ಶಾಟ್ ಎಲ್ಲವನ್ನೂ ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿಡಿಸುತ್ತೇನೆ. ಒಪ್ಪಂದದಲ್ಲಿ ಇದ್ದ ಸಂಬಳ ಅಲ್ಲಿ ಕೊಡದಿದ್ದರೆ, ಅಥವಾ ಏಜೆಂಟರು ಹೆಚ್ಚು ವಸೂಲು ಮಾಡಿದ್ದಾರೆಂದು ದೂರು ಕೊಡಬೇಕಾದರೆ, ಮಗ ಅಲ್ಲಿರುವಾಗ ಇಲ್ಲಿ ಓಡಾಡುವವರು ಮನೆಯವರು. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090. ಏಜೆಂಟರ ಮೇಲಿನ ದೂರನ್ನು eMigrate ನಲ್ಲಿ ದಾಖಲಿಸಬಹುದು, ವಲಸೆ ಸಂರಕ್ಷಕರ ಕಚೇರಿ ಬೆಂಗಳೂರಿನಲ್ಲೂ ಇದೆ. ದೂರು ಕೊಡುವಾಗ ಮೊದಲು ಕೇಳುವುದು ಆರ್‌ಸಿ ನಂಬರ್ ಮತ್ತು ಹಣ ಕೊಟ್ಟದ್ದಕ್ಕೆ ಪುರಾವೆ. ನಗದಾಗಿ ಕೊಟ್ಟು ರಸೀದಿ ಇಲ್ಲದಿದ್ದರೆ ದೂರಿಗೆ ಬಲ ಬರುವುದಿಲ್ಲ. ಹಾಗಾಗಿ ಏಜೆಂಟರು ‘ಕ್ಯಾಶ್ ಆದರೆ ಎರಡು ಸಾವಿರ ಕಡಿಮೆ ಮಾಡ್ತೇನೆ’ ಎಂದರೂ, ಆ ಎರಡು ಸಾವಿರ ಹೆಚ್ಚು ಕೊಟ್ಟು ಬ್ಯಾಂಕಿನ ಮೂಲಕವೇ ಕಳಿಸಿ ಎನ್ನುತ್ತೇನೆ.